ಗಾರೆ ತುಂಬಿದ ಮೇಲೆ ಸ್ಟೀಲ್ ಫ್ರೇಮ್ ನಡುವೆ ಒಳಕ್ಕೆ ಬಂದಿದೆ

ಕೇಳಿದವರು: ಇಟ್ಟಿಗೆ ಗೋಡೆಗೆ ಸ್ಟೀಲ್ ಬಾಗಿಲ ಫ್ರೇಮ್ ಕೂರಿಸಿದೆವು. ತೂಗುಗುಂಡು ಬಿಟ್ಟು ನೋಡಿದಾಗ ಸರಿಯಾಗೇ ಇತ್ತು. ಗಾರೆ ತುಂಬಿ ಮಾರನೇ ದಿನ ಅಳೆದರೆ ಮೇಲೂ ಕೆಳಗೂ 900 ಮಿ.ಮೀ., ನಡುವೆ 893. ಇನ್ನೂ ಎರಡು ಫ್ರೇಮ್ ಬಾಕಿ ಇವೆ. ಎಲ್ಲಿ ತಪ್ಪಿತು?

ಬಡಗಿ: ಮಳೆಗಾಲದಲ್ಲಿ ಬಾಗಿಲು ಹಿಗ್ಗುತ್ತೆ ಸಾರ್. ನಮ್ಮನೇದೂ ಹಾಗೇ ಆಗಿತ್ತು, ಒಂದು ಕೈ ಹತ್ತರಿ ಹೊಡೆದೆ, ಸರಿಹೋಯ್ತು.

ಕೇಳಿದವರು: ಬಾಗಿಲು ಇನ್ನೂ ಬಂದೇ ಇಲ್ಲ. ಫ್ರೇಮೇ ಬಾಗಿರೋದು.

ಮನೆ ಕಟ್ಟಿಸಿದವರು: ಹೋಲ್ಡ್‌ಫಾಸ್ಟ್ ಅಂದರೆ ಫ್ರೇಮನ್ನು ಗೋಡೆಗೆ ಹಿಡಿಸೋ ಕಬ್ಬಿಣದ ಪಟ್ಟಿ ಕಡಿಮೆ ಹಾಕಿರಬೇಕು. ಒಂದೊಂದು ಕಡೆಗೂ ಮೂರು ಬೇಕು. ಗಾರೆಯನ್ನು ತೆಳ್ಳಗೆ ಕಲಸಿ ಮೇಲಿಂದ ಸುರಿಯಿರಿ, ಮೂಲೆಮೂಲೆಗೂ ಇಳಿಯುತ್ತೆ.

ಹಳೇ ಮೇಸ್ತ್ರಿ: ಮೂರು ಹೋಲ್ಡ್‌ಫಾಸ್ಟ್ ಅನ್ನೋದು ಸರಿ. ಸುರಿಯೋದು ಮಾತ್ರ ಬೇಡ, ಕೆಡೋದೇ ಅಲ್ಲಿ. ತೆಳ್ಳನೆ ಗಾರೆ ನೀರಿನ ಹಾಗೆ ಎಲ್ಲಾ ಕಡೆ ತಳ್ಳುತ್ತೆ. ಫ್ರೇಮಿನ ಬುಡವನ್ನು ಅಡ್ಡಪಟ್ಟಿ ಹಿಡಿದಿರುತ್ತೆ, ತಲೆಯನ್ನು ಮೇಲಿನ ಅಡ್ಡ. ನಡುವೆ ಹಿಡಿಯೋರು ಯಾರೂ ಇಲ್ಲ, ಅಲ್ವಾ? ತಗಡು ಅಲ್ಲೇ ಒಳಕ್ಕೆ ಬರುತ್ತೆ.

ಮುಂದಿನ ಫ್ರೇಮಿಗೆ ಎರಡೂ ಕಾಲಿನ ನಡುವೆ ಅಡ್ಡಕ್ಕೆ ಎರಡು ಮರದ ಆಪು ಕೊಡಿ. ಒಂದು ಕೆಳಗಿನಿಂದ ಮೂರನೇ ಒಂದು ಎತ್ತರದಲ್ಲಿ, ಇನ್ನೊಂದು ಮೂರನೇ ಎರಡರಲ್ಲಿ. ಉದ್ದವನ್ನು ಫ್ರೇಮಿನ ತಲೆಯ ಹತ್ತಿರ ಅಳೆದು ಕತ್ತರಿಸಿ, ನಡುವೆ ಅಳೆಯಬೇಡಿ. ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿದರೆ ಹೊರಕ್ಕೆ ಉಬ್ಬುತ್ತೆ, ಕೈಯಲ್ಲಿ ತಳ್ಳಿದಾಗ ಕೂರೋಷ್ಟು ಇರಲಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಹಿಡಿದು ನೋಡಿ, ಆಮೇಲೆ ಇಟ್ಟಿಗೆ ಮುಟ್ಟಿ.

ಮೂರು ನಾಲ್ಕು ವರಸೆ ಏರಿಸಿದ ಹಾಗೇ ಫ್ರೇಮಿನ ಹಿಂದಿನ ಟೊಳ್ಳಿಗೆ ಗಟ್ಟಿ ಗಾರೆ ತುಂಬಿ, ಕೋಲಿನಲ್ಲಿ ಮೆಲ್ಲಗೆ ಕುಟ್ಟಿ. ಉಂಡೆ ಕಟ್ಟಿದರೆ ನಿಲ್ಲೋ ಹದ ಸಾಕು. ಹೋಲ್ಡ್‌ಫಾಸ್ಟ್ ಬರೋ ಸಂದಿಯಲ್ಲಿ ಗಾರೆ ಕೆಳಗೂ ಮೇಲೂ ಇರಬೇಕು. ಹಿಂಜ್ ತೂತಿನ ಹಿಂದೆ ಗಾರೆ ತಡೆಯೋ ಡಬ್ಬಿ ಇಲ್ಲದಿದ್ದರೆ ಥರ್ಮೋಕೋಲ್ ತುಂಡು ಅಂಟಿಸಿ, ಇಲ್ಲಾಂದ್ರೆ ಸ್ಕ್ರೂ ಹಿಡಿಯೋಲ್ಲ. ಆಪು ಬೇಗ ತೆಗೀಬೇಡಿ. ನಾನು ಒಂದು ವಾರ ಬಿಡ್ತೀನಿ.

ಕೇಳಿದವರು: ನಾವು ಕೊಟ್ಟಿದ್ದು ಒಂದೇ ಆಪು, ಅದೂ ಬುಡದಲ್ಲಿ. ಗಾರೆ ಬಕೆಟ್ಟಿನಲ್ಲಿ ಸುರಿದದ್ದು. ಈಗ ಬಾಗಿರೋದನ್ನು ಜಾಕ್ ಇಟ್ಟು ತಳ್ಳಬಹುದಾ?

ಹಳೇ ಮೇಸ್ತ್ರಿ: ಗಟ್ಟಿಯಾದ ಮೇಲೆ ತಳ್ಳಿದರೆ ಗಾರೆ ಬಿರುಕು ಬಿಡುತ್ತೆ, ಫ್ರೇಮ್ ಅಲ್ಲೇ ಇರುತ್ತೆ. ಮೊದಲು ಎರಡು ಕಾಲನ್ನೂ ಬೇರೆ ಬೇರೆ ದಾರ ಕಟ್ಟಿ ನೋಡಿ. 7 ಮಿ.ಮೀ. ಪೂರ್ತಿ ಒಂದೇ ಕಡೆ ಇದ್ದರೆ ಆ ಕಡೆ ಬಿಚ್ಚಿ ಮತ್ತೆ ಕಟ್ಟೋದೇ ಮೇಲು. ಎರಡೂ ಕಡೆ ಹಂಚಿದ್ದರೆ ಬಾಗಿಲನ್ನೇ ಆ ಅಳತೆಗೆ ಮಾಡಿಸಬಹುದು.

ಮನೆ ಕಟ್ಟಿಸಿದವರು: ಅದಕ್ಕೇ ಗೋಡೆ ಮೊದಲು ಕಟ್ಟಿ ಫ್ರೇಮ್ ಆಮೇಲೆ ಕೂರಿಸೋದು ಒಳ್ಳೇದು ಅಂತೀನಿ.

ಹಳೇ ಮೇಸ್ತ್ರಿ: ಹಾಗೆ ಮಾಡಿದರೆ ಹೋಲ್ಡ್‌ಫಾಸ್ಟಿಗೆ ಗೋಡೆ ಒಡೀಬೇಕು. ನನಗೆ ಅದು ಒಪ್ಪಿಗೆ ಇಲ್ಲ.

ಕೇಳಿದವರು: ದಾರ ಕಟ್ಟಿ ನೋಡಿದೆ. ಹಿಂಜ್ ಕಡೆ 5, ಬೀಗದ ಕಡೆ 2.