‘ಚಿಯರ್ಸ್’, ‘ಥ್ಯಾಂಕ್ಸ್ ಎ ಟನ್’: ಶಿರಸಿ ಕಡೆಯ ಮಾತಿನಲ್ಲಿ ಇವಕ್ಕೆ ಏನೆನ್ನುವುದು?

ನಮ್ಮೂರಿನ ಹವ್ಯಾಸಿ ತಂಡವೊಂದಕ್ಕಾಗಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆಯುವ ಪುಟ್ಟ ನಾಟಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾತ್ರಗಳು ಶಿರಸಿ ಸೀಮೆಯ ಮಾತನ್ನೇ ಆಡಬೇಕು ಎಂಬುದು ತಂಡದವರ ಅಪೇಕ್ಷೆ. ಉದ್ದದ ಸಂಭಾಷಣೆಗಳು ಹೆಚ್ಚು ತೊಂದರೆ ಕೊಡಲಿಲ್ಲ. ನನ್ನನ್ನು ಹದಿನೈದು ದಿನ ಕಾಡಿದ್ದು ಚುಟುಕಾದ ಮೂರು ಮಾತುಗಳು. ಬಸ್ಸಿನಿಂದ ಇಳಿಯುವವನೊಬ್ಬ ಚಾಲಕನಿಗೆ ‘ಚಿಯರ್ಸ್, ಡ್ರೈವ್’ ಎನ್ನುತ್ತಾನೆ. ಪಕ್ಕದ ಮನೆಯವಳು ಮಳೆಗೆ ಮುನ್ನ ತನ್ನ ಬಟ್ಟೆಯನ್ನೆಲ್ಲ ಒಳಗೆ ತೆಗೆದಿಟ್ಟಳೆಂದು ತಿಳಿದ ಹೆಂಗಸು ‘ಥ್ಯಾಂಕ್ಸ್ ಎ ಟನ್’ ಎನ್ನುತ್ತಾಳೆ. ಮೂರನೆಯದು, ಕಚೇರಿಯ ಸಂದೇಶವೊಂದರ ಕೊನೆಯಲ್ಲಿ ಹೆಸರಿನ ಮೇಲೆ ಬರುವ ಬರಿಯ ‘ಚಿಯರ್ಸ್’.

ಮೊದಲ ಕರಡಿನಲ್ಲಿ ಮೂರಕ್ಕೂ ‘ಧನ್ಯವಾದ’ ಎಂದು ಬರೆದಿದ್ದೆ. ತಾಲೀಮಿನಲ್ಲಿ ಬಸ್ಸಿನಿಂದ ಇಳಿಯುವ ಹುಡುಗ ‘ಧನ್ಯವಾದಗಳು’ ಎಂದ ಕೂಡಲೇ ಎಲ್ಲರೂ ನಕ್ಕುಬಿಟ್ಟರು; ಸಭೆಯ ಕೊನೆಯಲ್ಲಿ ವಂದನಾರ್ಪಣೆಗೆ ಎದ್ದು ನಿಂತವನಂತೆ ಅವನು ಕಂಡಿದ್ದ. ‘ಥ್ಯಾಂಕ್ಸ್’ ಎಂದೇ ಉಳಿಸಿಕೊಳ್ಳಬಹುದಿತ್ತು, ಪೇಟೆಯ ಅಂಗಡಿಗಳಲ್ಲಿ ಆ ಪದ ಈಗ ನಮ್ಮದೇ ಆಗಿದೆ. ಆದರೆ ‘ಚಿಯರ್ಸ್’ ಎನ್ನುವವನು ಬೇಕೆಂದೇ ‘ಥ್ಯಾಂಕ್ಸ್’ಗಿಂತ ಹಗುರವಾದ ಮಾತನ್ನು ಆರಿಸಿಕೊಂಡಿರುತ್ತಾನೆ. ಆ ಹಗುರ ನಮ್ಮ ಮಾತಿನಲ್ಲಿ ಎಲ್ಲಿದೆ ಎಂಬುದೇ ನನ್ನ ಪ್ರಶ್ನೆ.

ಕಾರವಾರದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಗೆಳೆಯನನ್ನು ಮೊದಲು ಕೇಳಿದೆ. ‘ಚಿಯರ್ಸ್ ಎನ್ನುವುದು ಕುಡಿತದ ಮಾತು, ಉಪಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ನಾಟಕ ಬರೆದವನೇ ತಪ್ಪು ಬಳಸಿದ್ದಾನೆ’ ಎಂದು ಅವನು ತೀರ್ಪು ಕೊಟ್ಟ. ಅದು ಅರ್ಧ ಸರಿ. ಲೋಟ ಎತ್ತಿ ‘ಚಿಯರ್ಸ್’ ಎನ್ನುವ ಬಳಕೆ 1919ರ ಹೊತ್ತಿಗೆ ಬರಹದಲ್ಲಿ ಕಾಣಿಸಿಕೊಂಡರೆ, ಉಪಕಾರ ಸ್ಮರಣೆಯ ಬಳಕೆ ಬರಹಕ್ಕೆ ಬಂದದ್ದು 1970ರ ದಶಕದಲ್ಲಿ, ಅದೂ ಬ್ರಿಟನ್ನಿನ ಆಡುಮಾತಿನಿಂದ. ಅಲ್ಲಿ ಅದು ತಪ್ಪು ಬಳಕೆಯಲ್ಲ. ಬ್ರಿಸ್ಟಲ್ಲಿನವರು ಬಸ್ಸಿಳಿಯುವಾಗ ಹೇಳುವ ‘ಚಿಯರ್ಸ್, ಡ್ರೈವ್’ ಆ ಊರಿನ ಗುರುತಿನ ಮಾತೇ ಆಗಿದೆ. ಮೂಲಕ್ಕೆ ಹೋದರೆ ಕುಡಿತವೂ ಇಲ್ಲ. ಹಳೆಯ ಫ್ರೆಂಚಿನಲ್ಲಿ ‘ಮುಖ’ ಎಂಬ ಅರ್ಥದ ಪದ ಇಂಗ್ಲಿಷಿಗೆ ಬಂದು, ಮುಖಭಾವವಾಗಿ, ಮನಸ್ಸಿನ ಸ್ಥಿತಿಯಾಗಿ, ಆಮೇಲೆ ಉಲ್ಲಾಸವೆಂಬ ಅರ್ಥಕ್ಕೆ ನಿಂತಿತು. ‘ಅವನ ಮುಖ ಅರಳಿತು’ ಎಂದು ನಾವು ಹೇಳುವಾಗ ಅದೇ ದಾರಿಯ ಮೊದಲ ಮೆಟ್ಟಿಲಲ್ಲಿ ಇರುತ್ತೇವೆ.

ಅದೇ ಗೆಳೆಯ ಇನ್ನೊಂದು ಮಾತನ್ನೂ ಹೇಳಿದ: ‘ನಮ್ಮ ಕೊಂಕಣಿಯಲ್ಲಿ ದೇವ್ ಬರೆಂ ಕರೂಂ ಎಂದು ಚೆಂದದ ಮಾತಿದೆ, ಕನ್ನಡದಲ್ಲಿ ಅದನ್ನೇ ಹಾಕು.’ ದೇವರು ಒಳ್ಳೆಯದು ಮಾಡಲಿ ಎಂಬುದು ಅದರ ಅರ್ಥ, ಕನ್ನಡದಲ್ಲೂ ಅಕ್ಷರಶಃ ಆ ವಾಕ್ಯ ಇದೆ. ಆದರೆ ವಾಕ್ಯ ಒಂದೇ ಆದರೂ ಅದನ್ನು ಹೇಳುವ ಹಕ್ಕು ಎರಡು ಭಾಷೆಗಳಲ್ಲಿ ಬೇರೆ ಬೇರೆ. ಕೊಂಕಣಿಯಲ್ಲಿ ಅದು ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ನಮ್ಮಲ್ಲಿ ‘ದೇವರು ಒಳ್ಳೇದು ಮಾಡ್ಲಿ’ ಎನ್ನುವವರು ವಯಸ್ಸಿನಲ್ಲಿ ದೊಡ್ಡವರಾಗಿರಬೇಕು, ಇಲ್ಲವೇ ತೀರಾ ಕಷ್ಟದಲ್ಲಿ ಕೈ ಹಿಡಿಸಿಕೊಂಡವರಾಗಿರಬೇಕು. ಇಪ್ಪತ್ತರ ಹುಡುಗ ಐವತ್ತರ ಡ್ರೈವರನಿಗೆ ಹಾಗೆಂದರೆ ಆಶೀರ್ವಾದ ಮಾಡಿದಂತಾಗುತ್ತದೆ.

ನಿವೃತ್ತ ಕನ್ನಡ ಮಾಸ್ತರರಾದ ನಮ್ಮ ದೊಡ್ಡಪ್ಪ ಪದಗಳ ವಿಷಯದಲ್ಲಿ ಸುಮ್ಮನೆ ಮಾತಾಡುವವರಲ್ಲ. ‘ಧನ್ಯವಾದ’ ಭಾರವೆನಿಸುವುದಕ್ಕೆ ಕಾರಣ ಅದರ ಒಳಗೇ ಇದೆ ಎಂದು ಅವರು ವಿವರಿಸಿದರು. ಸಂಸ್ಕೃತದಲ್ಲಿ ಅದು ‘ನೀನು ಧನ್ಯ’ ಎಂದು ಇನ್ನೊಬ್ಬನನ್ನು ಹೊಗಳುವ ಮಾತು. ಹೊಗಳಿಕೆಗೆ ಎದುರು ನಿಂತು ಕೇಳುವವರು ಬೇಕು. ಇಂದಿನವರು ಅದನ್ನು ‘ನಾನು ಧನ್ಯನಾದೆ’ ಎಂಬ ಭಾವದಲ್ಲಿ ಬಳಸುತ್ತಾರಾದರೂ ಸಭೆಯ ವಾಸನೆ ಹೋಗಿಲ್ಲ. ‘ಕೃತಜ್ಞ’ ಎಂದರೆ ಮಾಡಿದ್ದನ್ನು ಬಲ್ಲವನು. ಅದು ಒಬ್ಬ ಮನುಷ್ಯ ಎಂಥವನು ಎಂದು ಹೇಳುವ ಪದ, ಕೊಟ್ಟ ಕ್ಷಣದಲ್ಲಿ ಕೊಟ್ಟವನ ಕಡೆಗೆ ಎಸೆಯುವ ಪದವಲ್ಲ. ಇಂಗ್ಲಿಷಿನ ‘ಥ್ಯಾಂಕ್’ ಕೂಡ ಮೂಲದಲ್ಲಿ ‘ಥಿಂಕ್’ನ ಬಳಗದ್ದೇ, ನೆನೆಯುವುದಕ್ಕೆ ಸೇರಿದ್ದೇ; ಅವರು ಅದನ್ನು ಸಾವಿರ ಸಲ ಉಜ್ಜಿ ಚಿಲ್ಲರೆ ಮಾಡಿಕೊಂಡರು, ನಾವು ನೋಟನ್ನು ಮುರಿಸಲಿಲ್ಲ ಎಂದು ದೊಡ್ಡಪ್ಪ ನಕ್ಕರು.

ಹಾಗಾದರೆ ಚಿಲ್ಲರೆ ಯಾವುದು? ಇದಕ್ಕೆ ಸುಳಿವು ಸಿಕ್ಕಿದ್ದು ಶಿರಸಿಯಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ. ದೇವಿಮನೆ ಘಟ್ಟ ಇಳಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೈ ತೋರಿಸಿ ಬಸ್ಸು ನಿಲ್ಲಿಸಿಕೊಂಡರು. ಅವರ ತೆಂಗಿನಕಾಯಿಯ ಚೀಲವನ್ನು ಕಂಡಕ್ಟರು ಮೆಟ್ಟಿಲಿನಿಂದ ಕೆಳಗಿಳಿಸಿ, ರಸ್ತೆಯಂಚಿನ ಕಲ್ಲಿಗೆ ಒರಗಿಸಿ ಕೊಟ್ಟರು. ಹೆಂಗಸು ಅವರ ಮುಖವನ್ನೂ ಸರಿಯಾಗಿ ನೋಡದೆ, ಸೆರಗು ಸರಿಮಾಡಿಕೊಳ್ಳುತ್ತ, ‘ಚೊಲೋ ಆತು ತಮಾ, ಬತ್ತಿ’ ಎಂದರು. ಕಂಡಕ್ಟರು ‘ಹ್ಞಾಂ, ರೈಟ್’ ಎಂದರು, ಬಸ್ಸು ಹೊರಟಿತು. ಉಪಕಾರವನ್ನು ಗುರುತಿಸಿದ್ದೂ ಆಯಿತು, ಹೊರಡುವ ಮಾತೂ ಆಯಿತು. ‘ಚಿಯರ್ಸ್’ ಒಂದೇ ಉಸಿರಿನಲ್ಲಿ ಮಾಡುವ ಎರಡು ಕೆಲಸಗಳೂ ಅಲ್ಲಿದ್ದವು. ಹೋಗುವವರು ‘ಬತ್ತಿ’ ಎನ್ನುವುದು ನಮ್ಮ ಕಡೆಯ ರೂಢಿಯಾದ್ದರಿಂದ ಬೀಳ್ಕೊಡುಗೆಗೆ ಬೇರೆ ಪದವೇ ಬೇಕಾಗಲಿಲ್ಲ.

ದೊಡ್ಡಪ್ಪನ ಬಳಿ ಇದನ್ನು ಹೇಳಿದಾಗ ಅವರು ಪೂರ್ತಿ ಒಪ್ಪಲಿಲ್ಲ. ‘ಚೊಲೋ ಆತು’ ಎನ್ನುವುದು ಆದ ಸಂಗತಿಯ ಬಗೆಗಿನ ಅಭಿಪ್ರಾಯ, ಕಂಡಕ್ಟರಿಗೆ ಸಲ್ಲಿಸಿದ ಕಾಣಿಕೆಯಲ್ಲ ಎಂಬುದು ಅವರ ವಾದ. ಮಳೆ ಬಿಟ್ಟರೂ ‘ಚೊಲೋ ಆತು’ ಎನ್ನುತ್ತೇವಲ್ಲ? ನನಗೆ ಅನ್ನಿಸುವುದು ಬೇರೆ: ನಮ್ಮ ಮಾತಿನಲ್ಲಿ ಹಗುರವಾದ ಉಪಕಾರ ಸ್ಮರಣೆಯ ಗುಟ್ಟು ಆ ‘ಆತು’ವಿನಲ್ಲೇ ಇದೆ. ಮಾಡಿದವನನ್ನು ಮುಂದೆ ನಿಲ್ಲಿಸದೆ, ಆದದ್ದನ್ನು ಮಾತ್ರ ಹೇಳಿದರೆ ಕೇಳುವವನಿಗೆ ಮುಜುಗರವಿಲ್ಲ, ಹೇಳುವವನ ಮೇಲೆ ಸಾಲದ ಹೊರೆಯಿಲ್ಲ. ‘ಉಪಕಾರ ಆತು’ ಎಂಬುದನ್ನು ‘ಉಪಕಾರ ಮಾಡ್ದೆ’ ಎಂದು ಬದಲಿಸಿ ನೋಡಿ. ಅದಕ್ಕೆ ‘ದೊಡ್ಡ’ ಎಂಬುದೂ ಸೇರಿ ‘ದೊಡ್ಡ ಉಪಕಾರ ಮಾಡ್ದೆ ಮಾರಾಯಾ’ ಎಂದಾದರೆ, ನೂರಕ್ಕೆ ತೊಂಬತ್ತು ಸಲ ಅದು ಕೆಲಸ ಕೆಡಿಸಿದವನಿಗೆ ಹೇಳುವ ಕುಹಕ.

ಎರಡನೆಯ ಮಾತು, ‘ಥ್ಯಾಂಕ್ಸ್ ಎ ಟನ್’, ನಾನಂದುಕೊಂಡದ್ದಕ್ಕಿಂತ ಸುಲಭವಾಗಿ ಬಗೆಹರಿಯಿತು. ತೂಕವನ್ನು ಹೇರಿ ಒತ್ತು ಕೊಡುವ ರೀತಿ ನಮಗೆ ಹೊಸತಲ್ಲ. ಅವರ ಟನ್ನಿನ ಜಾಗದಲ್ಲಿ ನಮ್ಮ ‘ರಾಶಿ’ ಇದೆ. ಅಡಿಕೆ ವ್ಯಾಪಾರದಲ್ಲಿ ಒಂದು ಬಗೆಯ ಅಡಿಕೆಯ ಹೆಸರೂ ಆಗಿರುವ ಈ ಪದ ಶಿರಸಿ ಸೀಮೆಯ ಬಾಯಲ್ಲಿ ‘ತುಂಬಾ’ ಎಂಬುದರ ಕೆಲಸವನ್ನೆಲ್ಲ ಮಾಡುತ್ತದೆ. ಕಳೆದ ಬೇಸಗೆಯಲ್ಲಿ ನಮ್ಮ ಅಂಗಳದಲ್ಲಿ ಚಾಲಿ ಒಣಹಾಕಿ ನಾವೆಲ್ಲ ಮದುವೆಮನೆಗೆ ಹೋಗಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ಪಕ್ಕದ ಮನೆಯ ಹುಡುಗಿ ಓಡಿ ಬಂದು ಅಡಿಕೆಯನ್ನು ಗುಡ್ಡೆ ಮಾಡಿ, ತಾಡಪಾಲು ಹೊದೆಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದಳು. ಚಾಲಿಗೆ ಒಂದೂವರೆ ತಿಂಗಳಿನ ಬಿಸಿಲು ಬೇಕು. ನಡುವೆ ನೆನೆದರೆ ಬೂಷ್ಟು ಹಿಡಿದು ದರ ಬಿದ್ದುಹೋಗುತ್ತದೆ. ಅತ್ತೆ ಅವಳಿಗೆ ಹೇಳಿದ್ದು ಇಷ್ಟು: ‘ರಾಶಿ ಚೊಲೋ ಆತು ಕೂಸೆ, ನೀ ಇಲ್ದೇ ಇದ್ರೆ ಅಡಿಕೆ ಪೂರಾ ಹೋಗ್ತಿತ್ತು. ಬಾ, ಆಸ್ರಿಗೆ ಕುಡ್ಕಂಡು ಹೋಗು.’ ಮೂರೂ ತುಣುಕುಗಳು ಸೇರಿ ಒಂದು ಟನ್ನಿನ ತೂಕ. ಮಧ್ಯದ ತುಣುಕೇ ಮುಖ್ಯ ಎಂದು ನನ್ನ ಎಣಿಕೆ: ನೀನಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಹೇಳುವುದರಲ್ಲೇ ಉಪಕಾರದ ಅಳತೆ ಇದೆ. ನಾಟಕದ ಹೆಂಗಸಿಗೂ ಅದನ್ನೇ ಕೊಟ್ಟೆ: ‘ರಾಶಿ ಚೊಲೋ ಆತು, ಇಲ್ದಿದ್ರೆ ಬಟ್ಟೆ ಪೂರಾ ನೆನೀತಿತ್ತು.’ ನಟಿ ಒಂದೇ ಸಲಕ್ಕೆ ಸರಾಗವಾಗಿ ಹೇಳಿದಳು.

ಅತ್ತೆಯನ್ನೇ ಈ ಬಗ್ಗೆ ಕೇಳಿದಾಗ ಅವರು ನನ್ನ ಪ್ರಶ್ನೆಯನ್ನು ಬೇರೆ ರೀತಿ ತಿಳಿದುಕೊಂಡರು. ‘ಅವಳಿಗೆ ಎಂತ ಕೊಟ್ರಿ ಹೇಳಿ ಕೇಳ್ತ್ಯಾ? ಅವ್ರ ತಂಬಿಗೆ ನಮ್ಮಲ್ಲೇ ಇತ್ತು, ಬರಿದು ಕೊಡಲಾಗ ಹೇಳಿ ತುಪ್ಪ ಹಾಕಿ ಕಳಿಸಿದ್ದೆ’ ಎಂಬರ್ಥದಲ್ಲಿ ಉತ್ತರ ಬಂತು. ಕೇಳಿದ್ದು ಪದವನ್ನು, ಸಿಕ್ಕಿದ್ದು ತಂಬಿಗೆ. ಆದರೂ ಅದನ್ನು ತಳ್ಳಿಹಾಕಲು ಮನಸ್ಸಾಗಲಿಲ್ಲ. ಪಾತ್ರೆ ಬರಿದಾಗಿ ಮರಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿರುವ ಕಡೆ ಬಾಯಿಮಾತು ಹಗುರವಾಗಿದ್ದರೂ ನಡೆಯುತ್ತದೆ.

ಬ್ರಿಸ್ಟಲ್ಲಿನಲ್ಲಿ ಎರಡು ವರ್ಷ ಓದಿ ಬಂದ ಅಕ್ಕನ ಮಗ ತನ್ನದೇ ಕತೆ ತೆಗೆದ. ಊರಿಗೆ ಬಂದ ಹೊಸತರಲ್ಲಿ ಅಮ್ಮ ಚಹಾ ಕೊಟ್ಟರೂ ‘ಥ್ಯಾಂಕ್ಸ್’ ಎನ್ನುತ್ತಿದ್ದನಂತೆ. ಮೂರನೆಯ ದಿನ ಅಮ್ಮ ‘ನಾ ಎಂತ ಹೋಟ್ಲಿನವಳನ?’ ಎಂದು ಕೇಳಿದ ಮೇಲೆ ನಿಲ್ಲಿಸಿದನಂತೆ. ನಾಟಕಕ್ಕೆ ಇದರಿಂದ ನೇರ ಉಪಯೋಗವಿಲ್ಲದಿದ್ದರೂ ಒಂದು ಪರೀಕ್ಷೆ ಸಿಕ್ಕಿತು. ಮಾತು ಹದವಾಗಿದ್ದರೆ ಎದುರಿನವರು ‘ಹ್ಞಾಂ’ ಅಥವಾ ‘ಅಡ್ಡಿಲ್ಲೆ’ ಎಂದು ಮುಂದೆ ಹೋಗುತ್ತಾರೆ. ‘ಅಯ್ಯೋ, ಅದೆಂತಕ್ಕೆ!’ ಎಂದು ತಡೆದರೆ, ಹೇಳಿದ್ದು ಆ ಕೆಲಸಕ್ಕೆ ಮೀರಿದ ಮಾತು ಎಂದರ್ಥ. ಬಸ್ಸಿನ ದೃಶ್ಯಕ್ಕೆ ‘ಚೊಲೋ ಆತು, ಬತ್ತಿ’ ಎಂದು ಹಾಕಿ ಈ ಪರೀಕ್ಷೆ ಮಾಡಿದೆ. ಚಾಲಕನ ಪಾತ್ರಧಾರಿ ತಾನಾಗಿಯೇ ತಲೆಯಾಡಿಸಿ ‘ಹ್ಞಾಂ’ ಎಂದ, ಅದು ಬರಹದಲ್ಲಿರಲಿಲ್ಲ. ಒಂದು ಅಳುಕು ಮಾತ್ರ ಉಳಿದಿದೆ. ನಮ್ಮ ಬಸ್ಸುಗಳಲ್ಲಿ ಹೆಚ್ಚಿನವರು ಏನೂ ಹೇಳದೆ ಇಳಿಯುತ್ತಾರೆ. ಚೀಲ ಇಳಿಸಿಕೊಟ್ಟಂಥ ಕಾರಣವಿಲ್ಲದೆ ಬರಿದೇ ಇಳಿಯುವವನ ಬಾಯಲ್ಲಿ ‘ಚೊಲೋ ಆತು’ ಯಾವುದಕ್ಕೆ ಎಂಬ ದೊಡ್ಡಪ್ಪನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸದ್ಯಕ್ಕೆ ಹುಡುಗನ ಕೈಗೆ ಒಂದು ಚೀಲ ಕೊಟ್ಟಿದ್ದೇನೆ.

ಮೂರನೆಯದು ಇನ್ನೂ ಖಾಲಿ ಇದೆ. ಸಂದೇಶದ ಕೊನೆಯ ‘ಚಿಯರ್ಸ್’ನಲ್ಲಿ ಉಪಕಾರವೂ ಇಲ್ಲ, ಹೊರಡುವಿಕೆಯೂ ಇಲ್ಲ, ಮುನಿಸಿಲ್ಲ ಎಂಬ ಸೂಚನೆ ಮಾತ್ರ ಇದೆ. ‘ಇಂತಿ ನಿಮ್ಮ ವಿಶ್ವಾಸಿ’ ಎಂದರೆ ಅರ್ಜಿಯಾಗುತ್ತದೆ. ಕಾರವಾರದ ಗೆಳೆಯ ‘ಆಭಾರಿ’ ಎನ್ನುತ್ತಾನೆ; ಮರಾಠಿಯ ನೆರೆಯಲ್ಲಿ ಬೆಳೆದ ಅವನಿಗೆ ಅದು ಹಗುರ, ನನಗೆ ‘ಧನ್ಯವಾದ’ಕ್ಕಿಂತ ಭಾರ. ಅಕ್ಕನ ಮಗ ಕೈ ಜೋಡಿಸಿದ ಚಿತ್ರವೊಂದನ್ನು ಹಾಕಿದರೆ ಸಾಕು ಎನ್ನುತ್ತಾನೆ, ಆದರೆ ರಂಗದ ಮೇಲೆ ಆ ಸಂದೇಶವನ್ನು ಒಬ್ಬಾಕೆ ಗಟ್ಟಿಯಾಗಿ ಓದಬೇಕು. ಬರಹದಲ್ಲಿ ಹೆಸರಿನ ಮೇಲೆ ನೀವು ಇಂಥ ಕಡೆ ಏನು ಬರೆಯುತ್ತೀರಿ, ಅದನ್ನು ಬಾಯಿಬಿಟ್ಟು ಓದಿದರೆ ಹೇಗೆ ಕೇಳಿಸುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕು.