ಸಹಾಯ ಬೇಕು: ಬೆಲೆ ಹೆಚ್ಚು ಬೀಳದಿದ್ದರೂ ಮಾರ್ಜಿನ್ ಕಾಲ್ ಬಂದಿದೆ

ಎಲ್ಲರಿಗೂ ನಮಸ್ಕಾರ. ಬ್ರೋಕರ್‌ನ ಮಾರ್ಜಿನ್ ಸಾಲ ಸೌಲಭ್ಯದಲ್ಲಿ ಒಂದು ಕಂಪನಿಯ 1,000 ಷೇರುಗಳನ್ನು ತಲಾ 400 ರೂಪಾಯಿಗೆ ಕೊಂಡಿದ್ದೇನೆ. ನನ್ನ ಹಣ 1 ಲಕ್ಷ, ಬ್ರೋಕರ್ ಕೊಟ್ಟ ಸಾಲ 3 ಲಕ್ಷ. ಷೇರುಗಳ ಮೌಲ್ಯದಲ್ಲಿ ಕನಿಷ್ಠ ಶೇ 20ರಷ್ಟು ನನ್ನ ಪಾಲು ಉಳಿದಿರಬೇಕು ಎಂಬುದು ಷರತ್ತು. ಹಾಗಾಗಿ ಬೆಲೆ 375ಕ್ಕೆ ಇಳಿಯುವವರೆಗೆ ಚಿಂತೆಯಿಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ಬಡ್ಡಿ ಸೇರಿದರೆ ತುಸು ಮೊದಲೇ ಇರಬಹುದು.

ಆದರೆ ಬೆಲೆ ಇನ್ನೂ 392ರಲ್ಲಿದೆ, ಆಗಲೇ ಮಾರ್ಜಿನ್ ಕಾಲ್ ಬಂದಿದೆ. ಏರಿಳಿತ ಹೆಚ್ಚಾದ ಕಾರಣ ಈ ಷೇರಿನ ಮಾರ್ಜಿನ್ ಅನ್ನು ಶೇ 30ಕ್ಕೆ ಏರಿಸಿದ್ದಾರಂತೆ. ಈಗಿನ ಮೌಲ್ಯ 3.92 ಲಕ್ಷ, ಬೇಕಾದ ಮಾರ್ಜಿನ್ 1,17,600, ನನ್ನ ಪಾಲು 92,000. ಕೊರತೆ 25,600 ರೂಪಾಯಿ. ಗಡುವಿನೊಳಗೆ ತುಂಬದಿದ್ದರೆ ಅವರೇ ಮಾರುತ್ತಾರೆ, ಅದೂ ಮಾರುಕಟ್ಟೆಯಲ್ಲಿ ಸಿಕ್ಕಿದ ಬೆಲೆಗೆ.

ನಾನೇ ಮಾರೋಣವೆಂದರೆ ಕೊರತೆಯಷ್ಟೇ ಮಾರಿದರೆ ಸಾಲದು. ಮಾರಿದ ಹಣ ಸಾಲಕ್ಕೆ ಹೋಗುತ್ತದೆ, ನನ್ನ ಪಾಲು ಹೆಚ್ಚುವುದಿಲ್ಲ. 92,000 ರೂಪಾಯಿ ಶೇ 30 ಆಗಬೇಕಾದರೆ ಸುಮಾರು 782 ಷೇರು ಮಾತ್ರ ಉಳಿಯಬಹುದು. ಅಂದರೆ 218 ಷೇರು, 85,000ಕ್ಕೂ ಹೆಚ್ಚಿನ ಮಾಲು ಹೋಗಬೇಕು.

ಈ ಲೆಕ್ಕ ಸರಿಯೇ? ನಗದಿನ ಬದಲು ಇದೇ ಕಂಪನಿಯ ನನ್ನ ಹಳೆಯ ಷೇರುಗಳನ್ನು ಅಡವಿಡಬಹುದು, ಆದರೆ ಬೆಲೆ ಬಿದ್ದರೆ ಅಡಮಾನವೂ ಜೊತೆಗೇ ಕರಗುತ್ತದೆಯಲ್ಲ? ಸ್ಟಾಪ್‌ಲಾಸ್ ಹಾಕಿದರೂ ಬೆಳಿಗ್ಗೆ ಬೆಲೆ ಒಮ್ಮೆಲೇ ಕುಸಿದು ತೆರೆದರೆ ಅದು ಕಾಪಾಡದು. ಅನುಭವಿಗಳು ಎಷ್ಟು ನಗದನ್ನು ಬದಿಗಿಟ್ಟುಕೊಳ್ಳುತ್ತೀರಿ, ದಯವಿಟ್ಟು ತಿಳಿಸಿ.