ಅಪ್‌ಡೇಟ್: ಡಿಸೈನ್ ಟೀಮ್‌ಗೆ ಕೊಟ್ಟ ಬ್ರೀಫ್ ಏನಾಯಿತು

ನಾನು ಕೇಳಿದ್ದು: ತುಮಕೂರಿನ ನಮ್ಮ ಗಾಣದ ಕೊಬ್ಬರಿ ಎಣ್ಣೆಗೆ ಹೊಸ ಬ್ರ್ಯಾಂಡ್ ಸ್ಟ್ರಾಟಜಿ ಬಂದಿದೆ. ನಮ್ಮದೇ ಇಬ್ಬರು ಡಿಸೈನರ್‌ಗಳಿಗೆ ಬ್ರೀಫ್ ಹೇಗೆ ಬರೆಯಲಿ?

ಮೊದಲ ಬ್ರೀಫ್‌ನಲ್ಲಿ ‘ಶುದ್ಧ, ಆಧುನಿಕ, ನಂಬಿಕೆಯ’ ಎಂದಷ್ಟೇ ಬರೆದಿದ್ದೆ. ಮೂರು ಲೇಬಲ್ ಬಂದವು. ಮೂರೂ ತಲೆಗೆ ಹಚ್ಚುವ ಎಣ್ಣೆಯಂತಿದ್ದವು! ತಪ್ಪು ಅವರದಲ್ಲ. ‘ದಿನದ ಅಡುಗೆಗೆ’ ಎಂಬುದೇ ಸ್ಟ್ರಾಟಜಿಯ ತಿರುಳು. ಅದನ್ನೇ ನಾನು ಬಿಟ್ಟಿದ್ದೆ.

ಎರಡನೇ ಸಲ ಒಂದೇ ಪುಟ ಬರೆದೆ. ಯಾರು, ಎಲ್ಲಿಂದ ನೋಡುತ್ತಾರೆ? ಕಿರಾಣಿ ಅಂಗಡಿಯ ಕೌಂಟರಿನಾಚೆ, ಆರು ಅಡಿ ದೂರದಿಂದ. ಮೊದಲು ಏನು ಕಾಣಬೇಕು? ‘ಅಡುಗೆ ಎಣ್ಣೆ’, ಆಮೇಲೆ ಹೆಸರು. ಏನು ಬೇಡ? ತೆಂಗಿನಮರ, ಜಡೆ, ಚಿನ್ನದ ಬಣ್ಣ. ಕಾರಣವನ್ನೂ ಬರೆದೆ. ಇಲ್ಲದಿದ್ದರೆ ಸುಮ್ನೆ ಹಟ ಅನ್ನಿಸುತ್ತೆ, ಅಲ್ವಾ?

ಮೊದಲ ಸೆಟ್‌ಗೆ ಲೇಬಲ್, ರಟ್ಟಿನ ಪೆಟ್ಟಿಗೆ, ಅಂಗಡಿ ಬೋರ್ಡ್ ಮಾತ್ರ. ಲೇಬಲ್ಲೇ ಮೊದಲು, ಏಕೆಂದರೆ ಜಾಗ ಅಲ್ಲೇ ಕಮ್ಮಿ. ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ನಂಬರ್, ನಿವ್ವಳ ತೂಕ, ಎಂಆರ್‌ಪಿ ಎಲ್ಲವೂ ಕೂರಬೇಕು. ಈ ಸಾಲುಗಳನ್ನು ಬ್ರೀಫ್ ಜೊತೆಗೇ ಕೊಟ್ಟೆ. ಹಿಂದೆ ಕೊನೆಗೆ ಕೊಟ್ಟು ಲೇಔಟ್ ಪೂರ್ತಿ ಕೆಡಿಸಿದ್ದೆ.

ನಿಜವಾದ ಅಳತೆಗೆ ಪ್ರಿಂಟ್ ಹಾಕಿ, ಬಾಟಲಿಗೆ ಅಂಟಿಸಿ, ಅಂಗಡಿಯಲ್ಲೇ ಇಟ್ಟು ನೋಡಿದೆವು. ಸ್ಕ್ರೀನಿನಲ್ಲಿ ಚೆಂದವಿದ್ದ ತೆಳು ಅಕ್ಷರದ ಒತ್ತುಗಳು ಆರು ಅಡಿಗೆ ಮಾಯ. ದಪ್ಪ ಅಕ್ಷರ ಹಾಕಿದರು. ಲೇಬಲ್ ಪ್ರಿಂಟರ್‌ಗೆ ಹೋಗಿದೆ, ಪೆಟ್ಟಿಗೆ ಇನ್ನೂ ಬಾಕಿ.